ಸಿ. ಡಿಫಿಸಿಲ್: ಮಲದಲ್ಲಿ ಸಿಕ್ಕಿದ್ದು, ಕಾಯಿಲೆ ತಂದದ್ದು



ಉಪನ್ಯಾಸಕ್ಕೆ ಭೇದಿಯ ವಿಷಯ ಆರಿಸಿಕೊಂಡಿದ್ದೇನೆ ಎಂದಾಗ ಸಂಘಟಕರಿಗೆ ಸ್ವಲ್ಪ ಮುಜುಗರವಾಯಿತು. ಕಾರ್ಯಕ್ರಮ ಮುಗಿದ ಮೇಲೆ ಊಟವಿದೆ ಸಾರ್ ಎಂದು ಮೆಲ್ಲಗೆ ನೆನಪಿಸಿದರು. ನಾನು ವಿಷಯ ಬದಲಿಸಲಿಲ್ಲ. ಇದು ಸಾಮಾನ್ಯ ಭೇದಿಯಲ್ಲ; ಬೇರೊಂದು ಕಾಯಿಲೆಗೆ ಕೊಟ್ಟ ಔಷಧದಿಂದ ಹುಟ್ಟುವ ಭೇದಿ. ಇದನ್ನು ಪತ್ತೆ ಮಾಡುವ ಪರೀಕ್ಷೆ ಸುಲಭವಾಗಿ ಸಿಗುತ್ತಿರುವ ಈ ಕಾಲದಲ್ಲಿ ಆ ಪರೀಕ್ಷೆಯನ್ನು ಯಾರಿಗೆ ಮಾಡಿಸಬೇಕು, ಬಂದ ಉತ್ತರವನ್ನು ಹೇಗೆ ಓದಬೇಕು ಎನ್ನುವಲ್ಲೇ ಹೆಚ್ಚಿನ ಗೊಂದಲ ಇದೆ.

ಕಥೆ 1974ರಿಂದ ಶುರುವಾಗಲಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ಆಸ್ಪತ್ರೆಯೊಂದರಲ್ಲಿ ಫ್ರಾನ್ಸಿಸ್ ಟೆಡೆಸ್ಕೊ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಕ್ಲಿಂಡಮೈಸಿನ್ ಪಡೆದ 200 ರೋಗಿಗಳನ್ನು ಗಮನಿಸುತ್ತ ಹೋದರು. ಕ್ಲಿಂಡಮೈಸಿನ್ ಆಗ ಹೊಸ ಔಷಧ. ಆಮ್ಲಜನಕ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ಕೊಲ್ಲುತ್ತದೆಂದು ಶಸ್ತ್ರವೈದ್ಯರಿಗೆಲ್ಲ ಅಚ್ಚುಮೆಚ್ಚು. ಆ 200 ಮಂದಿಯಲ್ಲಿ ಶೇ 21ರಷ್ಟು ಜನಕ್ಕೆ ಭೇದಿಯಾಯಿತು. ನಳಿಕೆ ಹಾಕಿ ದೊಡ್ಡ ಕರುಳಿನ ಒಳಗನ್ನು ನೋಡಿದಾಗ, ಒಟ್ಟು ರೋಗಿಗಳಲ್ಲಿ ಶೇ 10ರಷ್ಟು ಜನಕ್ಕೆ ಗೋಡೆಯ ಮೇಲೆ ಹಳದಿ ಪೊರೆಯ ಮಚ್ಚೆಗಳು ಎದ್ದಿದ್ದವು. ಸತ್ತ ಜೀವಕೋಶ, ಬಿಳಿ ರಕ್ತಕಣ, ಅಂಟು ಎಲ್ಲ ಸೇರಿ ಕಟ್ಟಿದ ಪೊರೆ ಅದು.

ಇಂಥ ಪೊರೆಗಳು ವೈದ್ಯರಿಗೆ ಹೊಸವೇನಲ್ಲ. 1950ರ ದಶಕದಲ್ಲಿ ಅದಕ್ಕೆ ಸ್ಟೆಫಿಲೊಕಾಕಸ್ ಕಾರಣವೆಂದು ನಂಬಿದ್ದರು. ಆದರೆ ಈ ರೋಗಿಗಳ ಮಲದಲ್ಲಿ ಅದು ಬೆಳೆಯಲಿಲ್ಲ. ಹಾಗಾದರೆ ಕ್ಲಿಂಡಮೈಸಿನ್ನೇ ಕರುಳನ್ನು ಸುಡುತ್ತಿದೆಯೇ?

ಉತ್ತರ ಹ್ಯಾಮ್‌ಸ್ಟರ್‌ಗಳಿಂದ ಬಂತು. ಇಲಿಯ ಜಾತಿಯ ಈ ಪುಟ್ಟ ಪ್ರಾಣಿಗೆ ಕ್ಲಿಂಡಮೈಸಿನ್ ಕೊಟ್ಟರೆ ಕೆಲವೇ ದಿನಗಳಲ್ಲಿ ಕರುಳು ಊದಿ ಸಾಯುತ್ತಿತ್ತು. ಜಾನ್ ಬಾರ್ಟ್ಲೆಟ್ ಮತ್ತು ಸಂಗಡಿಗರು ಸತ್ತ ಪ್ರಾಣಿಯ ಕರುಳಿನ ದ್ರವವನ್ನು ಆರೋಗ್ಯವಾಗಿದ್ದ ಪ್ರಾಣಿಗೆ ಕೊಟ್ಟರು, ಅದೂ ಸತ್ತಿತು. ಅಂದರೆ ಕೊಲ್ಲುತ್ತಿದ್ದದ್ದು ಔಷಧವಲ್ಲ, ಔಷಧ ಕೊಟ್ಟ ಮೇಲೆ ಕರುಳಿನಲ್ಲಿ ಬೆಳೆದದ್ದು ಏನೋ. ಬಾಯಿಯ ಮೂಲಕ ವ್ಯಾಂಕೊಮೈಸಿನ್ ಕೊಟ್ಟರೆ ಪ್ರಾಣಿ ಉಳಿಯುತ್ತಿತ್ತು. ಆ ದ್ರವದ ವಿಷವನ್ನು ಕ್ಲಾಸ್ಟ್ರಿಡಿಯಂ ಸೊರ್ಡೆಲ್ಲಿ ಎಂಬ ಬ್ಯಾಕ್ಟೀರಿಯಾದ ವಿರುದ್ಧ ತಯಾರಿಸಿದ ಪ್ರತಿವಿಷ ತಟಸ್ಥಗೊಳಿಸುತ್ತಿತ್ತು. ಎಲ್ಲರೂ ಸೊರ್ಡೆಲ್ಲಿಯನ್ನು ಹುಡುಕಿದರು, ರೋಗಿಗಳ ಮಲದಲ್ಲಿ ಅದು ಸಿಗಲಿಲ್ಲ. 1978ರಲ್ಲಿ ಸಿಕ್ಕಿದ್ದು ಅದರ ಹತ್ತಿರದ ನೆಂಟ, ಕ್ಲಾಸ್ಟ್ರಿಡಿಯಂ ಡಿಫಿಸಿಲ್. ಎರಡರ ವಿಷವೂ ಒಂದನ್ನೊಂದು ಹೋಲುತ್ತಿದ್ದುದರಿಂದ ಪ್ರತಿವಿಷ ಎರಡಕ್ಕೂ ಕೆಲಸ ಮಾಡಿತ್ತು. 2016ರಲ್ಲಿ ಇದರ ಕುಲದ ಹೆಸರು ಕ್ಲಾಸ್ಟ್ರಿಡಿಯೊಯ್ಡಿಸ್ ಎಂದು ಬದಲಾಯಿತು. ವಾರ್ಡುಗಳಲ್ಲಿ ಮಾತ್ರ ನಾವು ಇಂದಿಗೂ ಸಿ. ಡಿಫ್ ಎಂದೇ ಕರೆಯುತ್ತೇವೆ.

ಈ ಬ್ಯಾಕ್ಟೀರಿಯಾವನ್ನು 1935ರಲ್ಲೇ ಹಾಲ್ ಮತ್ತು ಓಟೂಲ್ ಎಂಬ ಇಬ್ಬರು ಕಂಡಿದ್ದರು. ಎಲ್ಲಿ? ಆರೋಗ್ಯವಾಗಿದ್ದ ಹಸುಗೂಸುಗಳ ಮಲದಲ್ಲಿ. ಗಿನಿಯಿಲಿಗೆ ಚುಚ್ಚಿದರೆ ಪ್ರಾಣ ತೆಗೆಯುವಷ್ಟು ವಿಷವುಳ್ಳ ಬ್ಯಾಕ್ಟೀರಿಯಾ ಮಗುವಿನ ಹೊಟ್ಟೆಯಲ್ಲಿ ತೆಪ್ಪಗೆ ಇತ್ತು. ಈ ಸಂಗತಿಯನ್ನು ನೆನಪಿನಲ್ಲಿಡಿ. ಪರೀಕ್ಷೆಯ ಮಾತು ಬಂದಾಗ ಇದರ ಕೆಲಸವಿದೆ.

ಆ್ಯಂಟಿಬಯಾಟಿಕ್ ಕರುಳಿನಲ್ಲಿ ಮಾಡುವುದೇನು? ಸಿ. ಡಿಫ್ ಹೊರಗಿನ ಪ್ರಪಂಚದಲ್ಲಿ ಬದುಕುವುದು ಸ್ಪೋರ್ ರೂಪದಲ್ಲಿ, ಅಂದರೆ ಗಟ್ಟಿ ಕವಚ ತೊಟ್ಟು ಮಲಗಿರುವ ಬೀಜಾಣುವಾಗಿ. ಆಸ್ಪತ್ರೆಯ ಮಂಚದ ಸರಳು, ಬೆಡ್‌ಪ್ಯಾನು, ಆರೈಕೆ ಮಾಡುವವರ ಕೈ, ಇವುಗಳಿಂದ ಅದು ಬಾಯಿಗೆ ಹೋಗುತ್ತದೆ. ಹೊಟ್ಟೆಯ ಆಮ್ಲಕ್ಕೆ ಬಗ್ಗುವುದಿಲ್ಲ. ಕರುಳಿಗೆ ಇಳಿದ ಮೇಲೆ ಅದನ್ನು ಎಬ್ಬಿಸುವುದು ಪಿತ್ತರಸದಲ್ಲಿರುವ ಒಂದು ಬಗೆಯ ಆಮ್ಲ. ನಮ್ಮ ಯಕೃತ್ತು ತಯಾರಿಸುವ ಮೂಲ ಪಿತ್ತಾಮ್ಲಗಳು ಸ್ಪೋರನ್ನು ಮೊಳೆಯಿಸುತ್ತವೆ. ಆರೋಗ್ಯವಂತರ ದೊಡ್ಡ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಸಿಂಡೆನ್ಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಈ ಮೂಲ ಆಮ್ಲಗಳನ್ನು ಬದಲಾಯಿಸಿ ಡಿಆಕ್ಸಿಕೋಲಿಕ್ ಆಮ್ಲದಂಥ ಎರಡನೇ ಹಂತದ ಆಮ್ಲಗಳನ್ನಾಗಿ ಮಾಡುತ್ತವೆ. ಇವು ಸಿ. ಡಿಫ್ ಬೆಳೆಯದಂತೆ ತಡೆಯುತ್ತವೆ. ಆ್ಯಂಟಿಬಯಾಟಿಕ್ ಈ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದಾಗ ಮೊಳೆಯಿಸುವ ಆಮ್ಲ ಉಳಿಯುತ್ತದೆ, ತಡೆಯುವ ಆಮ್ಲ ಇಲ್ಲವಾಗುತ್ತದೆ. ಜೊತೆಗೆ ಆಹಾರಕ್ಕೆ ಪೈಪೋಟಿ ನಡೆಸುವವರೂ ಇರುವುದಿಲ್ಲ. ಸಿ. ಡಿಫ್ ಆಗ ಬೆಳೆದು ಎ ಮತ್ತು ಬಿ ಎಂಬ ಎರಡು ಟಾಕ್ಸಿನ್‌ಗಳನ್ನು ಸ್ರವಿಸುತ್ತದೆ. ಅವು ಕರುಳಿನ ಜೀವಕೋಶಗಳ ಒಳಗಿನ ಎಳೆಗಳನ್ನು ಕಳಚಿಹಾಕುವುದರಿಂದ ಗೋಡೆ ಸೋರುತ್ತದೆ, ಹುಣ್ಣಾಗುತ್ತದೆ.

ಬಹುತೇಕ ಯಾವ ಆ್ಯಂಟಿಬಯಾಟಿಕ್‌ನಿಂದಲೂ ಇದು ಆಗಬಹುದು. ಆದರೂ ಹೆಚ್ಚು ಅಪಾಯ ಕ್ಲಿಂಡಮೈಸಿನ್, ಸೆಫ್ಟ್ರಿಯಾಕ್ಸೋನ್‌ನಂಥ ಮೂರನೇ ತಲೆಮಾರಿನ ಸೆಫಲೋಸ್ಪೊರಿನ್‌ಗಳು, ಸಿಪ್ರೊಫ್ಲಾಕ್ಸಸಿನ್ ಗುಂಪಿನ ಕ್ವಿನೊಲೋನ್‌ಗಳು ಮತ್ತು ಕಾರ್ಬಪೆನೆಮ್‌ಗಳಿಂದ. ಇಂಜೆಕ್ಷನ್ ತಗೊಂಡರೆ ಹೊಟ್ಟೆಗೆ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಸೆಫ್ಟ್ರಿಯಾಕ್ಸೋನ್ ರಕ್ತನಾಳಕ್ಕೆ ಹೋದರೂ ಅದರ ಗಣನೀಯ ಪಾಲು ಪಿತ್ತರಸದ ಮೂಲಕ ಕರುಳಿಗೇ ಇಳಿಯುತ್ತದೆ. ಅಪಾಯ ಔಷಧ ತೆಗೆದುಕೊಳ್ಳುವಾಗಲೂ ನಿಲ್ಲಿಸಿದ ಮೊದಲ ತಿಂಗಳಲ್ಲೂ ಅತಿ ಹೆಚ್ಚು, ಮೂರು ತಿಂಗಳವರೆಗೂ ಸ್ವಲ್ಪ ಉಳಿದಿರುತ್ತದೆ.

ಔಷಧದ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ಇಂಗ್ಲೆಂಡಿನ ಅನುಭವಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ. ಈ ಶತಮಾನದ ಆರಂಭದಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ 027 ಎಂಬ ತಳಿ ಹಬ್ಬಿ ಬಹಳ ವೃದ್ಧರು ತೀರಿಕೊಂಡರು. ಸರ್ಕಾರ ಎರಡು ಕೆಲಸ ಒಟ್ಟಿಗೆ ಮಾಡಿತು: ಕೈ ತೊಳೆಯುವ, ವಾರ್ಡು ಶುಚಿಯಿಡುವ ಆಂದೋಲನ ಒಂದು, ಕ್ವಿನೊಲೋನ್ ಮತ್ತು ಸೆಫಲೋಸ್ಪೊರಿನ್ ಬಳಕೆಗೆ ಕಡಿವಾಣ ಇನ್ನೊಂದು. ಪ್ರಕರಣಗಳು ಸುಮಾರು ಶೇ 80ರಷ್ಟು ಇಳಿದವು. ಯಾವುದರಿಂದ ಇಳಿಯಿತು? 2017ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ಯಾಕ್ಟೀರಿಯಾಗಳ ವಂಶವಾಹಿಯನ್ನು ಓದಿ ಉತ್ತರ ಕೊಟ್ಟರು. ಮಾಯವಾದವು ಕ್ವಿನೊಲೋನ್‌ಗೆ ಬಗ್ಗದ ತಳಿಗಳು. ಆ ಔಷಧಕ್ಕೆ ಬಗ್ಗುವ ತಳಿಗಳ ಪ್ರಕರಣಗಳು ಹೆಚ್ಚೇನೂ ಕಡಿಮೆಯಾಗಿರಲಿಲ್ಲ. ಸಾಬೂನಿಗೆ ಯಾವ ತಳಿಯೆಂಬ ಭೇದ ತಿಳಿಯುವುದಿಲ್ಲ. ಕೈ ತೊಳೆದದ್ದೇ ಮುಖ್ಯ ಕಾರಣವಾಗಿದ್ದರೆ ಎರಡೂ ಸಮನಾಗಿ ಇಳಿಯಬೇಕಿತ್ತು. ಇಳಿಸಿದ್ದು ಔಷಧಕ್ಕೆ ಹಾಕಿದ ಕಡಿವಾಣ.

ಈಗ ಒಬ್ಬ ರೋಗಿಯನ್ನು ನೋಡೋಣ. ಇವರು ನಾನು ಕಂಡ ಹಲವರನ್ನು ಸೇರಿಸಿ ಕಟ್ಟಿದ ವ್ಯಕ್ತಿ, ಒಬ್ಬರ ಕಥೆಯಲ್ಲ. 67 ವರ್ಷದ ತಾಯಿ, ಜಿಲ್ಲಾ ಕೇಂದ್ರದವರು. ನ್ಯುಮೋನಿಯಾಕ್ಕೆ ಆಸ್ಪತ್ರೆಯಲ್ಲಿ ಐದು ದಿನ ಸೆಫ್ಟ್ರಿಯಾಕ್ಸೋನ್ ಆಯಿತು. ಮನೆಗೆ ಹೋಗುವಾಗ ಸೆಫಿಕ್ಸಿಮ್ ಮಾತ್ರೆ, ಜೊತೆಗೆ ಎಲ್ಲರಿಗೂ ಬರೆಯುವ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್. ವಾರದ ಮೇಲೆ ದಿನಕ್ಕೆ ಏಳೆಂಟು ಸಲ ನೀರಿನಂತೆ ಭೇದಿ, ಕೆಳಹೊಟ್ಟೆಯಲ್ಲಿ ಹಿಂಡಿದಂಥ ನೋವು, ಸಣ್ಣ ಜ್ವರ. ಮಗ ಮೆಡಿಕಲ್ ಶಾಪಿಗೆ ಹೋಗಿ ಲೂಸ್ ಮೋಷನ್ ಎಂದ. ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಸೇರಿದ ಮಾತ್ರೆ ಕೊಟ್ಟರು, ನಿಲ್ಲಲಿ ಅಂತ ಲೋಪೆರಮೈಡ್ ಕೂಡ. ಒಂದು ಕ್ವಿನೊಲೋನ್ ಹೀಗೆ ಹೊಸದಾಗಿ ಸೇರಿತು. ಒಂದು ದಿನ ಭೇದಿ ಕಟ್ಟಿತು, ಹೊಟ್ಟೆ ಉಬ್ಬಿತು. ಮಲ ಪರೀಕ್ಷೆಯಲ್ಲಿ ಅಮೀಬಾದ ಸಿಸ್ಟ್ ಇದೆ ಎಂದು ಬಂತು. ನಮ್ಮ ಕಡೆಯ ಮಲದ ರಿಪೋರ್ಟುಗಳಲ್ಲಿ ಅಮೀಬಾ ಇರುವುದಕ್ಕಿಂತ ಹೆಚ್ಚಾಗಿಯೇ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ, ಪ್ರಯೋಗಾಲಯದವರು ಕೋಪಿಸಿಕೊಳ್ಳಬಾರದು.

ಈ ತಾಯಿಗೆ ಸಿ. ಡಿಫ್ ಪರೀಕ್ಷೆ ಮಾಡಿಸಬೇಕೆ? ಬೇಕು. 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾದ ಮಲ, ಹೊಸದಾಗಿ ಶುರುವಾದದ್ದು, ಬೇರೆ ಕಾರಣ ಕಾಣದ್ದು, ಆ್ಯಂಟಿಬಯಾಟಿಕ್ ತೆಗೆದುಕೊಂಡ ಹಿನ್ನೆಲೆ. ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯನ್ನು ಎಷ್ಟೋ ಸಲ ಯಾರೂ ಕೇಳುವುದಿಲ್ಲ: ಕಳೆದ ಎರಡು ದಿನಗಳಲ್ಲಿ ಮಲಬದ್ಧತೆಗೆ ಔಷಧ ಕೊಟ್ಟಿದ್ದೀರಾ? ಲ್ಯಾಕ್ಟುಲೋಸ್ ಸಿರಪ್ ಕುಡಿಸಿ, ಭೇದಿಯಾಯಿತೆಂದು ಮಲವನ್ನು ಪರೀಕ್ಷೆಗೆ ಕಳಿಸಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

ಮಲ ಡಬ್ಬಿಯ ಆಕಾರಕ್ಕೆ ತಕ್ಕಂತೆ ಹರಡಬೇಕು. ಗಟ್ಟಿ ಮಲವನ್ನು ಪ್ರಯೋಗಾಲಯ ವಾಪಸು ಕಳಿಸಬೇಕು. ಮಾದರಿಯನ್ನು ಬೇಗ ಮುಟ್ಟಿಸಬೇಕು, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಬೇಕು. ಟಾಕ್ಸಿನ್ ಕೋಣೆಯ ಶಾಖದಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಊರು ಸುತ್ತಿ ಬಂದ ಡಬ್ಬಿಯಲ್ಲಿ ಟಾಕ್ಸಿನ್ ಇಲ್ಲ ಎಂಬ ಉತ್ತರ ಬಂದರೆ ಅದನ್ನು ನಂಬಬೇಕಾಗಿಲ್ಲ.

ಪರೀಕ್ಷೆಗಳು ಮುಖ್ಯವಾಗಿ ಮೂರು. ಜಿಡಿಎಚ್ ಎಂಬ ಕಿಣ್ವವನ್ನು ಎಲ್ಲ ಸಿ. ಡಿಫ್ ತಳಿಗಳೂ ತಯಾರಿಸುತ್ತವೆ, ವಿಷ ಮಾಡದ ತಳಿಗಳೂ ಕೂಡ. ಜಿಡಿಎಚ್ ಇಲ್ಲವೆಂದರೆ ಹೆಚ್ಚು ಕಡಿಮೆ ಸಿ. ಡಿಫ್ ಇಲ್ಲ ಎಂದು ತೀರ್ಮಾನಿಸಬಹುದು. ಇದೆಯೆಂದರೆ ಕಾಯಿಲೆಯಿದೆ ಎಂದು ಹೇಳಲಾಗದು. ಎರಡನೆಯದು ಟಾಕ್ಸಿನ್ನನ್ನೇ ಹುಡುಕುವ ಪರೀಕ್ಷೆ. ಇದೆ ಎಂದು ಬಂದರೆ ನಂಬಬಹುದು, ಆದರೆ ಇದ್ದದ್ದನ್ನು ಕೆಲವೊಮ್ಮೆ ತಪ್ಪಿಸಿಬಿಡುತ್ತದೆ. ಈ ಎರಡನ್ನೂ ಒಂದೇ ಕಾರ್ಡಿನಲ್ಲಿ ಸುಮಾರು ಅರ್ಧ ಗಂಟೆಯಲ್ಲಿ ನೋಡಬಹುದು. ಮೂರನೆಯದು ಪಿಸಿಆರ್. ಕೋವಿಡ್ ಬಂದು ಎಲ್ಲರಿಗೂ ಪರಿಚಯವಾದ ಹೆಸರು. ಇದು ಹುಡುಕುವುದು ಟಾಕ್ಸಿನ್ನನ್ನಲ್ಲ, ಟಾಕ್ಸಿನ್ ತಯಾರಿಸುವ ಜೀನನ್ನು. ಮನೆಯಲ್ಲಿ ಮಚ್ಚು ಇದೆ ಎಂದು ಪಿಸಿಆರ್ ಹೇಳಬಲ್ಲದು, ಯಾರಾದರೂ ಅದನ್ನು ಬೀಸಿದರೇ ಎಂಬುದನ್ನು ಹೇಳಲಾರದು.

ಈ ವ್ಯತ್ಯಾಸಕ್ಕೆ ಬೆಲೆಯಿದೆ. ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದರಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪೊಲಾಜ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಪಿಸಿಆರ್‌ನಲ್ಲಿ ಸಿ. ಡಿಫ್ ಸಿಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮಲದಲ್ಲಿ ಟಾಕ್ಸಿನ್ ಇರಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಸಿ. ಡಿಫ್ ಚಿಕಿತ್ಸೆ ಕೊಟ್ಟಿರಲಿಲ್ಲ. ಅವರ ಭೇದಿ, ಸಿ. ಡಿಫ್ ಇಲ್ಲದೇ ಇದ್ದವರ ಭೇದಿಯ ಹಾಗೆಯೇ ತಾನಾಗಿ ಇಳಿಯಿತು. 1935ರ ಹಸುಗೂಸುಗಳನ್ನು ಇಲ್ಲಿ ನೆನೆಯಿರಿ. ಒಂದು ವರ್ಷದೊಳಗಿನ ಮಕ್ಕಳಿಗೆ ಈ ಪರೀಕ್ಷೆಯನ್ನು ವಾಡಿಕೆಯಾಗಿ ಮಾಡಿಸಬಾರದೆಂಬ ನಿಯಮದ ಹಿಂದಿರುವುದೂ ಇದೇ. ಆದ್ದರಿಂದ ಜಿಡಿಎಚ್ ಮತ್ತು ಟಾಕ್ಸಿನ್ ಒಟ್ಟಿಗೆ ಮಾಡಿ, ಎರಡರ ಉತ್ತರ ಹೊಂದದಿದ್ದಾಗ ಮಾತ್ರ ಪಿಸಿಆರ್‌ಗೆ ಹೋಗುವ ಕ್ರಮವನ್ನೇ ನಾನು ಮೆಚ್ಚುತ್ತೇನೆ. ಪಿಸಿಆರ್ ಮಾತ್ರ ಇದೆ, ಟಾಕ್ಸಿನ್ ಇಲ್ಲ ಎಂದು ಬಂದರೆ ಕಾಗದ ಪಕ್ಕಕ್ಕಿಟ್ಟು ಮತ್ತೆ ಮಂಚದ ಹತ್ತಿರ ಹೋಗಿ ಹೊಟ್ಟೆ ಮುಟ್ಟಿ ನೋಡಬೇಕು.

ನಮ್ಮ ತಾಯಿಯ ವಿಷಯದಲ್ಲಿ ಆ ಗೊಂದಲ ಬರಲಿಲ್ಲ. ಜಿಡಿಎಚ್ ಇದೆ, ಟಾಕ್ಸಿನ್ ಇದೆ. ಬಿಳಿ ರಕ್ತಕಣ 18,200, ಕ್ರಿಯಾಟಿನಿನ್ 1.1. ಬಿಳಿ ರಕ್ತಕಣ 15,000 ತಲುಪಿದರೆ ಅಥವಾ ಕ್ರಿಯಾಟಿನಿನ್ 1.5 ದಾಟಿದರೆ ತೀವ್ರ ಕಾಯಿಲೆ ಎಂದು ಎಣಿಸುತ್ತೇವೆ. ರಕ್ತದೊತ್ತಡ ಕುಸಿದರೆ, ಕರುಳು ಸ್ತಬ್ಧವಾದರೆ, ಅಥವಾ ದೊಡ್ಡ ಕರುಳು ಊದಿ ಹಿಗ್ಗಿದರೆ ಅದು ಪ್ರಾಣಾಂತಿಕ ಹಂತ. ಆ ಹಂತದಲ್ಲಿ ಭೇದಿಯೇ ನಿಂತುಹೋಗಬಹುದು. ಮನೆಯವರು ಗುಣವಾಯಿತೆಂದು ನಿಟ್ಟುಸಿರು ಬಿಡುವ ಹೊತ್ತು ಅತ್ಯಂತ ಅಪಾಯದ ಹೊತ್ತಾಗಿರುತ್ತದೆ. ಲೋಪೆರಮೈಡ್ ತಗೊಂಡು ಹೊಟ್ಟೆ ಉಬ್ಬಿದ ಈ ತಾಯಿಗೆ ಅದಕ್ಕೇ ಮೊದಲು ಎಕ್ಸ್‌ರೇ ತೆಗೆಸಬೇಕಾಯಿತು. ಕರುಳು ಹಿಗ್ಗಿರಲಿಲ್ಲ.

ಚಿಕಿತ್ಸೆಯ ಮೊದಲ ಹೆಜ್ಜೆ ಔಷಧ ಕೊಡುವುದಲ್ಲ, ನಿಲ್ಲಿಸುವುದು. ನ್ಯುಮೋನಿಯಾ ವಾಸಿಯಾಗಿತ್ತು, ಸೆಫಿಕ್ಸಿಮ್ ನಿಂತಿತು. ಮೆಡಿಕಲ್ ಶಾಪಿನ ಎರಡೂ ಮಾತ್ರೆ ನಿಂತವು. ಗ್ಯಾಸ್ ಮಾತ್ರೆಗೆ ಕಾರಣವೇ ಇರಲಿಲ್ಲ, ಅದೂ ಹೋಯಿತು. ಎರಡನೆಯದು ವ್ಯಾಂಕೊಮೈಸಿನ್: 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, ಹತ್ತು ದಿನ, ಬಾಯಿಯ ಮೂಲಕ. ಈ ಔಷಧ ಕರುಳಿನಿಂದ ರಕ್ತಕ್ಕೆ ಹೀರಲ್ಪಡುವುದು ಅತ್ಯಲ್ಪ; ಅಲ್ಲೇ ಉಳಿಯುತ್ತದೆ, ನಮಗೆ ಬೇಕಾದ್ದೂ ಅದೇ. ಅದೇ ಕಾರಣಕ್ಕೆ ಇದನ್ನು ರಕ್ತನಾಳಕ್ಕೆ ಕೊಟ್ಟರೆ ದೊಡ್ಡ ಕರುಳಿಗೆ ತಲುಪುವುದಿಲ್ಲ. ಸಿ. ಡಿಫ್‌ಗೆ ವ್ಯಾಂಕೊಮೈಸಿನ್ ಡ್ರಿಪ್ ಹಾಕಿದರೆ ರೋಗಿಗೆ ಬಿಲ್ಲು ಮಾತ್ರ ದಕ್ಕುತ್ತದೆ. ಕ್ಯಾಪ್ಸೂಲ್ ಸಿಗದ ಊರಿನಲ್ಲಿ ಇಂಜೆಕ್ಷನ್ನಿನ ಪುಡಿಯನ್ನೇ ಕರಗಿಸಿ ಕುಡಿಸಬಹುದು. 500 ಮಿಲಿಗ್ರಾಮಿನ ಒಂದು ಸೀಸೆಯನ್ನು 10 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ 2.5 ಮಿಲಿಲೀಟರಿಗೆ ಒಂದು ಡೋಸ್. ಒಂದು ಸೀಸೆ ಒಂದು ದಿನಕ್ಕೆ ಸರಿಹೋಗುತ್ತದೆ. ಉಳಿದದ್ದು ಫ್ರಿಜ್ಜಿನಲ್ಲಿರಬೇಕು. ರುಚಿ ಕಹಿ, ಹಣ್ಣಿನ ರಸದಲ್ಲಿ ಬೆರೆಸಿದರೆ ಇಳಿಯುತ್ತದೆ. ಇದನ್ನು ವೈದ್ಯರು ಬರೆದುಕೊಟ್ಟು, ನರ್ಸು ಅಳೆದು ತೋರಿಸಿಯೇ ಮಾಡಬೇಕು.

ಮೆಟ್ರೊನಿಡಜೋಲ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಹಿಂದೆ ಅದೇ ಮೊದಲ ಆಯ್ಕೆಯಾಗಿತ್ತು. ಆದರೆ ಅದು ಸಣ್ಣ ಕರುಳಿನಲ್ಲೇ ಹೀರಿಹೋಗಿ, ಉರಿಯೂತವಾದ ಗೋಡೆಯ ಮೂಲಕ ಮತ್ತೆ ಸೋರಿ ದೊಡ್ಡ ಕರುಳನ್ನು ತಲುಪಬೇಕು. ಭೇದಿ ಕಡಿಮೆಯಾಗುತ್ತ ಬಂದಂತೆ ಔಷಧವೂ ತಲುಪುವುದು ಕಡಿಮೆಯಾಗುತ್ತದೆ. ಬೇರೆ ಔಷಧ ಸಿಗದಿದ್ದಾಗ, ಸೌಮ್ಯ ಕಾಯಿಲೆಗೆ ಮಾತ್ರ ಇದು ಈಗ ಉಳಿದಿದೆ. ಪ್ರಾಣಾಂತಿಕ ಹಂತದಲ್ಲಿ ಇದರ ಕೆಲಸ ಬೇರೆ: ವ್ಯಾಂಕೊಮೈಸಿನ್ 500 ಮಿಲಿಗ್ರಾಮಿನಂತೆ ಬಾಯಿ ಅಥವಾ ಮೂಗಿನ ನಳಿಕೆಯಿಂದ, ಕರುಳು ಸ್ತಬ್ಧವಾಗಿದ್ದರೆ ಗುದದ್ವಾರದಿಂದಲೂ ಕೊಟ್ಟು, ಜೊತೆಗೆ ಮೆಟ್ರೊನಿಡಜೋಲನ್ನು ರಕ್ತನಾಳಕ್ಕೆ ಕೊಡುತ್ತೇವೆ. ಶಸ್ತ್ರವೈದ್ಯರನ್ನು ಅದೇ ದಿನ ಕರೆಸಬೇಕು.

ನಮ್ಮ ತಾಯಿಗೆ ಮೂರನೇ ದಿನಕ್ಕೆ ಜ್ವರ ಬಿಟ್ಟಿತು, ಹತ್ತನೇ ದಿನಕ್ಕೆ ಮಲ ಗಟ್ಟಿಯಾಯಿತು. ಮಗ ಕೇಳಿದ: ಪೂರ್ತಿ ಹೋಗಿದೆಯೇ, ಇನ್ನೊಂದು ಸಲ ಟೆಸ್ಟ್ ಮಾಡಿಸೋಣವೇ? ಬೇಡ. ಗುಣವಾದವರಲ್ಲೂ ಸ್ಪೋರ್‌ಗಳು ವಾರಗಟ್ಟಲೆ ಇರುತ್ತವೆ, ಪಿಸಿಆರ್ ಇದೆ ಎಂದೇ ಹೇಳುತ್ತಿರುತ್ತದೆ. ಆ ಕಾಗದ ನೋಡಿ ಮತ್ತೆ ಔಷಧ ಶುರುಮಾಡಿದರೆ ಚೇತರಿಸಿಕೊಳ್ಳುತ್ತಿರುವ ಸಾಧು ಬ್ಯಾಕ್ಟೀರಿಯಾಗಳನ್ನು ಮತ್ತೆ ಕೊಂದಂತಾಗುತ್ತದೆ. ಮನೆಯಲ್ಲಿ ಮಾಡಬೇಕಾದ ಕೆಲಸವೊಂದಿತ್ತು. ಸ್ಯಾನಿಟೈಸರಿಗೆ ಸ್ಪೋರ್ ಸಾಯುವುದಿಲ್ಲ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಕೈಯಿಂದ ಉದುರಿಹೋಗುತ್ತದೆ. ಶೌಚಾಲಯಕ್ಕೆ ಕ್ಲೋರಿನ್ ಇರುವ ಬ್ಲೀಚ್ ಬೇಕು.

ಎರಡು ವಾರಕ್ಕೆ ಭೇದಿ ಮರಳಿತು. ಮೊದಲ ಸಲ ಗುಣವಾದವರಲ್ಲಿ ನಾಲ್ಕೈದು ಮಂದಿಗೆ ಒಬ್ಬರಲ್ಲಿ ಹೀಗಾಗುತ್ತದೆ. ಕಾರಣ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗದೇ ಹೋದದ್ದಲ್ಲ, ಸಾಮಾನ್ಯವಾಗಿ. ವ್ಯಾಂಕೊಮೈಸಿನ್ ಕೂಡ ಆ್ಯಂಟಿಬಯಾಟಿಕ್ಕೇ; ಸಿ. ಡಿಫ್ ಜೊತೆಗೆ ನೆರೆಹೊರೆಯನ್ನೂ ಅದು ಅಳಿಸುತ್ತದೆ, ಸ್ಪೋರನ್ನು ಮಾತ್ರ ಮುಟ್ಟಲಾರದು. ಫಿಡಾಕ್ಸೊಮೈಸಿನ್ ಎಂಬ ಔಷಧ ನೆರೆಹೊರೆಯನ್ನು ಹೆಚ್ಚು ಉಳಿಸುತ್ತದೆ. 2011ರ ದೊಡ್ಡ ಪ್ರಯೋಗದಲ್ಲಿ ಗುಣಪಡಿಸುವುದರಲ್ಲಿ ಎರಡೂ ಸರಿಸಮವಾಗಿದ್ದವು. ಕಾಯಿಲೆ ಮರಳಿದ್ದು ವ್ಯಾಂಕೊಮೈಸಿನ್ ಪಡೆದವರಲ್ಲಿ ಸುಮಾರು ಶೇ 25, ಫಿಡಾಕ್ಸೊಮೈಸಿನ್ ಪಡೆದವರಲ್ಲಿ ಸುಮಾರು ಶೇ 15. ಅಮೆರಿಕದ ಮಾರ್ಗಸೂಚಿ 2021ರಿಂದ ಇದನ್ನೇ ಮೊದಲು ಕೊಡಿ ಎನ್ನುತ್ತದೆ. ಬೆಲೆ ಬಹಳ ದುಬಾರಿ. ನಮ್ಮ ತಾಯಿಗೆ ಕೊಟ್ಟದ್ದು ಮತ್ತೆ ವ್ಯಾಂಕೊಮೈಸಿನ್, ಆದರೆ ಬೇರೆ ಲಯದಲ್ಲಿ: ಎರಡು ವಾರ ದಿನಕ್ಕೆ ನಾಲ್ಕು ಸಲ, ಒಂದು ವಾರ ಎರಡು ಸಲ, ಇನ್ನೊಂದು ವಾರ ಒಂದು ಸಲ, ಆಮೇಲೆ ಕೆಲವು ವಾರ ಮೂರು ದಿನಕ್ಕೊಂದು ಸಲ. ನಡುವಿನ ಬಿಡುವಿನಲ್ಲಿ ಸ್ಪೋರ್ ಮೊಳೆತರೆ ಮುಂದಿನ ಡೋಸ್ ಅದನ್ನು ಹಿಡಿಯುತ್ತದೆ, ಸಾಧು ಬ್ಯಾಕ್ಟೀರಿಯಾಗಳಿಗೂ ಉಸಿರಾಡಲು ಸಮಯ ಸಿಗುತ್ತದೆ.

ಅದೂ ಸೋತಿದ್ದರೆ? ನೆರೆಹೊರೆಯನ್ನೇ ಮರಳಿ ತರಬೇಕಾಗುತ್ತಿತ್ತು. 1958ರಲ್ಲಿ ಡೆನ್ವರ್‌ನ ಶಸ್ತ್ರವೈದ್ಯ ಬೆನ್ ಐಸ್‌ಮನ್, ಪೊರೆ ಕಟ್ಟಿದ ಕರುಳಿನ ನಾಲ್ವರು ರೋಗಿಗಳಿಗೆ ಆರೋಗ್ಯವಂತರ ಮಲವನ್ನು ಎನಿಮಾ ಆಗಿ ಕೊಟ್ಟಿದ್ದರು. ಕಾಯಿಲೆಯ ಕಾರಣ ಗೊತ್ತಾಗುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಮದ್ದು ಸಿಕ್ಕಿತ್ತು. 2013ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರಯೋಗದಲ್ಲಿ ಮತ್ತೆ ಮತ್ತೆ ಕಾಯಿಲೆ ಮರಳಿದವರನ್ನು ಆಯ್ದುಕೊಂಡರು. ದಾನಿಯ ಮಲದ ದ್ರಾವಣವನ್ನು ಮೂಗಿನ ನಳಿಕೆಯಿಂದ ಸಣ್ಣ ಕರುಳಿಗೆ ಒಂದೇ ಸಲ ಬಿಟ್ಟಾಗ 16ರಲ್ಲಿ 13 ಮಂದಿ ಗುಣವಾದರು, ಬರೀ ವ್ಯಾಂಕೊಮೈಸಿನ್ ಪಡೆದ 13ರಲ್ಲಿ ನಾಲ್ವರು. ಅಂತರ ಇಷ್ಟು ದೊಡ್ಡದಿದ್ದುದರಿಂದ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಿದರು. ಅಮೆರಿಕದಲ್ಲಿ 2022ರಲ್ಲಿ ಎನಿಮಾ ರೂಪದ, 2023ರಲ್ಲಿ ಕ್ಯಾಪ್ಸೂಲ್ ರೂಪದ ಸಿದ್ಧ ಔಷಧಗಳಿಗೆ ಅನುಮತಿ ಸಿಕ್ಕಿತು. ಇದನ್ನು ಕೇಳಿ ಯಾರೂ ಮನೆಯಲ್ಲಿ ಪ್ರಯತ್ನಿಸಬಾರದು. 2019ರಲ್ಲಿ ದಾನಿಯ ಮಲದಲ್ಲಿದ್ದ, ಔಷಧಕ್ಕೆ ಬಗ್ಗದ ಈ. ಕೊಲೈ ಇಬ್ಬರು ರೋಗಿಗಳಿಗೆ ತಗುಲಿ ಒಬ್ಬರು ಸತ್ತರು. ದಾನಿಯ ರಕ್ತ, ಮಲ ಎರಡನ್ನೂ ವಿಸ್ತಾರವಾಗಿ ಪರೀಕ್ಷಿಸುವ ವ್ಯವಸ್ಥೆ ಇರುವ ಕಡೆ ಮಾತ್ರ ಇದನ್ನು ಮಾಡಬೇಕು.

ನಮ್ಮ ತಾಯಿಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಕೆಲವು ತಿಂಗಳ ನಂತರ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಮೂತ್ರ ಪರೀಕ್ಷೆ ಮಾಡಿಸಿದರು. ಈ. ಕೊಲೈ ಬೆಳೆಯಿತು. ಉರಿಯಿಲ್ಲ, ಜ್ವರವಿಲ್ಲ, ಪದೇಪದೇ ಹೋಗಬೇಕೆನ್ನುವ ತೊಂದರೆಯಿಲ್ಲ. ಕಾಗದದಲ್ಲಿ ಸಿಪ್ರೊಫ್ಲಾಕ್ಸಸಿನ್ ಕೆಲಸ ಮಾಡುತ್ತದೆ ಎಂದು ಬರೆದಿತ್ತು, ಚೀಟಿಯೂ ತಯಾರಾಗಿತ್ತು. ಮಗ ಹಳೆಯ ಡಿಸ್ಚಾರ್ಜ್ ಕಾರ್ಡ್ ತೆಗೆದು ವೈದ್ಯರ ಮುಂದಿಟ್ಟು, ಅಮ್ಮನಿಗೆ ಹಿಂದೆ ಸಿ. ಡಿಫ್ ಆಗಿತ್ತು ಸಾರ್ ಎಂದ. ವೈದ್ಯರು ಚೀಟಿ ಹರಿದು, ಈ ಮೂತ್ರಕ್ಕೆ ಔಷಧವೇ ಬೇಕಿಲ್ಲ ಎಂದು ಬರೆದುಕೊಟ್ಟರು.